ವಿಎಂ ಇಮೇಜ್ ಸಾವ್ಕಾರ್ರ ಕೈಗೆ ಕೊಡೂಕಿನ ಮೊದಲ ಏನೇನು ನೋಡ್ಬೇಕು? ನನ್ನ ಪಟ್ಟಿ ಜರಾ ತಿದ್ದಿಕೊಡ್ರಿ

ತೊಗರಿಕಾಳು (ಕಲಬುರಗಿ)

ಎಲ್ಲಾರಿಗೂ ಶರಣು. ಇಲ್ಲೇ ಗಂಜ್‌ನಾಗ ಒಂದು ಹೋಲ್‌ಸೇಲ್ ಬ್ಯಾಳಿ-ಕಿರಾಣಿ ದುಕಾನಕ್ಕ ಬಿಲ್ಲಿಂಗ್ ಮತ್ತ ಸ್ಟಾಕ್ ಸಿಸ್ಟಂ ಮಾಡಿ ಕೊಡ್ಲಿಕ್ಕತ್ತೀನಿ. ಉಬುಂಟು ಸರ್ವರ್ 22.04, ಅದರ ಮ್ಯಾಲ ಮರಿಯಾಡಿಬಿ, ಎಲ್ಲಾ ಒಂದು ವರ್ಚುವಲ್‌ಬಾಕ್ಸ್ ವಿಎಂದಾಗ. ಸಾವ್ಕಾರ್ರ ವಿಂಡೋಸ್ ಪಿಸಿ ಮ್ಯಾಲ ಅದು ಓಡ್ತದ, ಮೂರು ಕೌಂಟರ್‌ದವ್ರು ಬ್ರೌಸರ್‌ನಾಗ ತೆಗೀತಾರ. ಶನಿವಾರ `angadi.ova` ಫೈಲ್ ಒಯ್ದು ಕೊಟ್ಟು, ಸಹಿ ತಗೊಂಡು, ಉಳಿದ ರೊಕ್ಕ ತಗೋಬೇಕು.

ಹಿಂದ ಒಂದು ದುಕಾನಕ್ಕ ಹಿಂಗೇ ಕೊಟ್ಟು ಎರಡು ತಿಂಗಳು ದಿನಾ ಫೋನ್ ಎತ್ತೀನಿ. ಅದಕ್ಕ ಈ ಸಲ ಪಟ್ಟಿ ಬರದೀನಿ. ಎಲ್ಲಾ ಪಾಸ್‌ವರ್ಡ್ ಬದಲಿ ಮಾಡಿ ಲಕೋಟಿದಾಗ ಹಾಕಿ ಕೊಡೋದು. ನನ್ನ ಎಸ್‌ಎಸ್‌ಎಚ್ ಕೀ ತೆಗಿಯೋದು. ರಾತ್ರಿ 10ಕ್ಕ ಬ್ಯಾಕಪ್ ಆಗಂಗ ಕ್ರಾನ್ ಹಾಕೋದು (ಹಾಕಿ ಆಗ್ಯಾದ, ನನ್ನ ಲ್ಯಾಪ್‌ಟಾಪ್‌ನಾಗ ಛಲೋ ನಡೀತದ). ಐಪಿ ಅಡ್ರೆಸ್ ರೌಟರ್‌ನಾಗ ಫಿಕ್ಸ್ ಮಾಡೋದು. ಪ್ರಿಂಟರ್ ಟೆಸ್ಟ್. ಫೈಲ್‌ದು sha256 ಕಾಗದದ ಮ್ಯಾಲ ಬರದು ಕೊಡೋದು.

ಇದರಾಗ ಏನು ಬಿಟ್ಟದ?

ಶಹಾಬಾದಿ ಕಲ್ಲು

ಇಷ್ಟೆಲ್ಲಾ ಯಾಕ್ರೀ? ಇಮೇಜ್ ಅಂದ್ರ ಘೋಸ್ಟ್ ಇಮೇಜ್ ಅಲ್ಲೇನು. ಪಿಸಿ ಕೆಟ್ರ ಸಿಡಿ ಹಾಕಿ ಹೊಳ್ಳಿ ಹೊಡದ್ರ ಮುಗೀತು. ಇಪ್ಪತ್ತು ವರ್ಷದಿಂದ ಸೂಪರ್ ಮಾರ್ಕೆಟ್‌ನಾಗ ಅದೇ ಮಾಡ್ಕೋತ ಬಂದೀನಿ.

ತೊಗರಿಕಾಳು

ಅದಲ್ರೀ ಅಣ್ಣಾ, ಇದು ವಿಂಡೋಸ್‌ದ ಇಮೇಜ್ ಅಲ್ಲ. ಪಿಸಿ ಒಳಗ ಇನ್ನೊಂದು ಪಿಸಿ ಇದ್ದಂಗ.

ಶಹಾಬಾದಿ ಕಲ್ಲು

ಗೊತ್ತದ ಗೊತ್ತದ, ವಿಎಂ. ಹಂಗಾದ್ರ ಇನ್ನೂ ಹಗುರ. ಸ್ನ್ಯಾಪ್‌ಶಾಟ್ ತಕ್ಕೊಂಡು ಕೊಡು. ಬ್ಯಾಕಪ್ಪೇ ಬ್ಯಾಡ.

ಜಯನಗರ ನಾಲ್ಕನೇ ಬ್ಲಾಕ್

ಈ ಕಾಲದಲ್ಲಿ ಅಂಗಡಿಯ ಪಿಸಿ ಮೇಲೆ ಸರ್ವರ್ ಯಾಕೆ? ಕ್ಲೌಡ್‌ನಲ್ಲಿ ಒಂದು ಸಣ್ಣ ಮಷೀನ್ ತಗೊಂಡು ಹಾಕಿಬಿಡಿ. ಓವಿಎ, ಪೆನ್‌ಡ್ರೈವ್, ರೌಟರ್ ಯಾವ ರಗಳೆಯೂ ಇರಲ್ಲ.

ತೊಗರಿಕಾಳು

ಸರ್, ಗಂಜ್‌ನಾಗ ಮಧ್ಯಾಹ್ನ ನೆಟ್ ಹೋದ್ರ ಸಂಜಿಗೆ ಬರ್ತದ. ಬ್ಯಾಳಿ ಲಾರಿ ಬಾಗಲಾಗ ನಿಂತಿರ್ತದ, ಬಿಲ್ ಇಲ್ದ ಅದು ಹೋಗಂಗಿಲ್ಲ. ಸಾವ್ಕಾರ್ರು ಮೊದಲೇ ಹೇಳ್ಯಾರ, ನೆಟ್ ಇರ್ಲಿ ಬಿಡ್ಲಿ ಬಿಲ್ ಬರ್ಬೇಕು ಅಂತ.

ಬಿದ್ರಿ ಕೆಲಸ (ಬೀದರ)

ತೊಗರಿಕಾಳು ಅವ್ರೇ, ನಿಮ್ಮ ಪಟ್ಟಿ ಕೆಟ್ಟದ್ದೇನಲ್ಲ. ಆದ್ರ ಇದು ನಿಮ್ಮ ಲ್ಯಾಪ್‌ಟಾಪ್ ಮುಂದ ಕುಂತು ಬರದದ್ದು ಅಂತ ಓದಿದ ಕೂಡ್ಲೆ ಗೊತ್ತಾಗ್ತದ. ಮೂರು ಮಾತು ಕೇಳ್ತೀನಿ. ಒಂದು, ಈ ವಿಎಂ ಹೊಸದಾಗಿ ಕಟ್ಟಿದ್ದೋ, ಹಿಂದಿನ ದುಕಾನದ್ದೇ ಕಾಪಿ ಹೊಡದು ಖಾಲಿ ಮಾಡಿದ್ದೋ? ಎರಡು, ಒಂದೇ ಕಾಪಿ ಓಡ್ತದೋ, ಹೆಚ್ಚಿಗೆ ಅದಾವೋ? ಮೂರು, ವಿಎಂ ಒಳಗ `timedatectl` ಹೊಡದ್ರ ಏನು ತೋರಸ್ತದ?

ತೊಗರಿಕಾಳು

ಒಂದು, ಖರೆ ಹೇಳ್ತೀನಿ, ಹಿಂದಿನ ದುಕಾನದ್ದೇ. ಟೇಬಲ್ ಎಲ್ಲಾ ಖಾಲಿ ಮಾಡೀನಿ.
ಎರಡು, ಎರಡು ಕಾಪಿ. ದುಕಾನಕ್ಕ ಒಂದು, ಹಿಂದಿನ ಗೋಡೌನ್‌ಗೆ ಒಂದು. ಗೋಡೌನ್ ಸ್ಟಾಕ್ ಬ್ಯಾರೆ ಇಡ್ತಾರ. ವಾಯರ್ ಎಳದು ಒಂದೇ ರೌಟರ್‌ಗೆ ಹಾಕ್ಯಾರ.
ಮೂರು, ಮನಿಗೆ ಹೋಗಿ ನೋಡಿ ಹೇಳ್ತೀನಿ.

ಗಲ್ಲೆ ಮ್ಯಾಲ (ಯಾದಗಿರಿ)

ನಾನು ದುಕಾನದವ, ನಿಮ್ಮ ಕಂಪ್ಯೂಟರ್ ಮಾತು ಪೂರಾ ತಿಳಿಯಂಗಿಲ್ಲ. ಆದ್ರ "ಹಿಂದಿನ ದುಕಾನದ್ದೇ ಕಾಪಿ" ಅಂದ್ರಲ್ಲ, ಅದು ಓದಿ ಎದಿ ಧಸಕ್ ಅಂತು. ಅಂದ್ರ ನನ್ನ ಉದ್ರಿ ಲೆಕ್ಕ ಇನ್ನೊಬ್ಬನ ದುಕಾನಕ್ಕ ಹೋಗಿರಬಹುದೇನು?

ತೊಗರಿಕಾಳು

ಇಲ್ರೀ, ಅಳಿಸೀನಿ ಅಂದ್ನಲ್ಲ.

ಬಿದ್ರಿ ಕೆಲಸ

ಸಾವ್ಕಾರ್ರು ಕೇಳಿದ್ದು ಸರಿ ಅದ. ಟೇಬಲ್ ಅಳಿಸಿದ್ರ ಡೇಟಾಬೇಸ್‌ಗೆ ಕಾಣಂಗಿಲ್ಲ ಅಷ್ಟೇ. ಡಿಸ್ಕ್‌ನಾಗ ಆ ಜಾಗ "ಖಾಲಿ" ಅಂತ ಗುರುತಾಗ್ತದ, ಬರದದ್ದು ಅಲ್ಲೇ ಕುಂತಿರ್ತದ. ಓವಿಎ ಮಾಡಿದಾಗ ಅದೂ ಗಂಟು ಕಟ್ಟಿಕೊಂಡು ಹೋಗ್ತದ. ಗೊತ್ತಿದ್ದವ ಡಿಸ್ಕ್ ಫೈಲ್ ಮ್ಯಾಲ `strings` ಓಡ್ಸಿದ್ರ ಹಿಂದಿನ ಗಿರಾಕಿಗಳ ಹೆಸರು, ಫೋನ್ ನಂಬರ್ ಹೊರಗ ಬಂದ್ರೂ ಬರಬಹುದು.

ಖಾಲಿ ಜಾಗಕ್ಕ ಸೊನ್ನಿ ತುಂಬಿ ಎಕ್ಸ್‌ಪೋರ್ಟ್ ಮಾಡೋರು ಅದಾರ, ಫೈಲ್ ಸಣ್ಣದೂ ಆಗ್ತದ. ಆದ್ರ ಲಾಗ್‌ನಾಗ ಏನುಳೀತು, ಕಮಾಂಡ್ ಹಿಸ್ಟರಿದಾಗ ಯಾವ ಪಾಸ್‌ವರ್ಡ್ ಉಳೀತು ಅಂತ ಹುಡಕ್ಕೋತ ಕೂಡ್ಬೇಕು. ನನ್ನ ಪ್ರಕಾರ ಒಬ್ಬ ಗಿರಾಕಿಯ ಇಮೇಜ್‌ನಿಂದ ಇನ್ನೊಬ್ಬರದು ಮಾಡ್ಲೇಬಾರದು. ಯಾವ ದುಕಾನದ ಡೇಟಾನೂ ಮುಟ್ಟದ ಒಂದು ಮೂಲ ಇಮೇಜ್ ಇಟ್ಕೊಂಡು ಅಲ್ಲಿಂದ ಶುರು ಮಾಡ್ರಿ. ಅರ್ಧ ದಿನದ ಕೆಲಸ.

ತೊಗರಿಕಾಳು

ತಪ್ಪಾಗ್ಯಾದ. ಇವತ್ತೇ ಹೊಸದು ಕಟ್ಟಲಿಕ್ಕ ಕೂಡ್ತೀನಿ.

ಶಹಾಬಾದಿ ಕಲ್ಲು

ಯಾರು ಕುಂತು ಡಿಸ್ಕ್ ಅಗಿತಾರ್ರೀ ನಮ್ಮ ಊರಾಗ. ಅತಿ ಆಯ್ತು.

ಗಲ್ಲೆ ಮ್ಯಾಲ

ನನ್ನ ಎದುರು ದುಕಾನದವ ಅಗಿತಾನ. ಅವನ ಅಳಿಯ ಇಂಜಿನಿಯರ್.

ತೊಗರಿಕಾಳು

ಹೊಳ್ಳಿ ಬಂದೆ. ಹೊಸದು ಕಟ್ಟಿ, ಎರಡು ಕಾಪಿ ಇಂಪೋರ್ಟ್ ಮಾಡಿ, ಗೋಡೌನ್ ಪಿಸಿದಾಗ ಒಂದು, ದುಕಾನದಾಗ ಒಂದು ಟ್ರಯಲ್ ಹಾಕ್ದೆ. ಎರಡಕ್ಕೂ 192.168.1.37! ಒಂದು ಚಾಲೂ ಮಾಡಿದ್ರ ಇನ್ನೊಂದರ ಬಿಲ್ಲಿಂಗ್ ನಡಕ ನಿಲ್ತದ. ಮ್ಯಾಕ್ ಅಡ್ರೆಸ್ ಬ್ಯಾರೆ ಬ್ಯಾರೆನೇ ಅದಾವ, ನೋಡೀನಿ. ಮನಿಯಾಗ ಇದೇ ಎರಡು ಕಾಪಿ ಓಡ್ಸಿದಾಗ ಏನೂ ಆಗಿರ್ಲಿಲ್ಲ. ದುಕಾನದ ರೌಟರ್ ಕೆಟ್ಟದೇನು?

ಬಿದ್ರಿ ಕೆಲಸ

ರೌಟರ್ ಕೆಟ್ಟಿಲ್ಲ. ಅದಕ್ಕೇ ಎರಡನೇ ಪ್ರಶ್ನಿ ಕೇಳಿದ್ದೆ.

ಉಬುಂಟು ಸರ್ವರ್ ಐಪಿ ಕೇಳುವಾಗ ತನ್ನ ಗುರುತು ಅಂತ ಮ್ಯಾಕ್ ಅಡ್ರೆಸ್ ಹೇಳಂಗಿಲ್ಲ. `/etc/machine-id` ಒಳಗಿನ ನಂಬರಿನಿಂದ ಹುಟ್ಟಿದ ಒಂದು ಗುರುತು ಹೇಳ್ತದ. ನೀವು ಕಾಪಿ ಹೊಡದಾಗ ಆ ನಂಬರೂ ಕಾಪಿ ಆಯ್ತು. ರೌಟರ್‌ಗೆ ಇಬ್ಬರೂ ಒಬ್ಬನೇ ಅನಸ್ತಾರ, ಒಂದೇ ಐಪಿ ಕೊಡ್ತದ. ಕೆಲವು ರೌಟರ್ ಆ ಗುರುತು ಬಿಟ್ಟು ಮ್ಯಾಕ್ ಅಷ್ಟೇ ನೋಡ್ತಾವ. ನಿಮ್ಮ ಮನಿದು ಅಂಥಾದ್ದು ಇರ್ಬೇಕು, ಅದಕ್ಕ ಅಲ್ಲಿ ಸಿಗಲಿಲ್ಲ.

ಎಕ್ಸ್‌ಪೋರ್ಟ್‌ಕಿನ ಮೊದಲ, ಕಟ್ಟಕಡೀಗೆ, ಇದು ಹೊಡೀರಿ:

```
sudo truncate -s 0 /etc/machine-id
sudo rm /etc/ssh/ssh_host_*
sudo poweroff
```

ಮೊದಲನೇ ಫೈಲ್ ಅಳಿಸಬ್ಯಾಡ್ರಿ, ಖಾಲಿ ಅಷ್ಟೇ ಮಾಡ್ರಿ. ಆಮ್ಯಾಲ ಎಕ್ಸ್‌ಪೋರ್ಟ್ ಆಗೋ ತನಕ ಆ ವಿಎಂ ಚಾಲೂ ಮಾಡಬ್ಯಾಡ್ರಿ. ಚಾಲೂ ಮಾಡಿದ್ರ ಹೊಸ ನಂಬರ್ ಹುಟ್ಟಿ ಅದೇ ಮತ್ತ ಎರಡೂ ಕಡಿ ಹೋಗ್ತದ. ಎಸ್‌ಎಸ್‌ಎಚ್ ಹೋಸ್ಟ್ ಕೀ ಕಥಿನೂ ಇದೇ. ಎಲ್ಲಾ ದುಕಾನಕ್ಕೂ ಒಂದೇ ಕೀ ಅಂದ್ರ ಎಲ್ಲಾ ಮನಿಗೂ ಒಂದೇ ಬೀಗ.

ತೊಗರಿಕಾಳು

ಮಾಡ್ದೆ. ಐಪಿ ಬ್ಯಾರೆ ಬ್ಯಾರೆ ಬಂದಾವ. ಆದ್ರ ಈಗ ಎಸ್‌ಎಸ್‌ಎಚ್‌ನಾಗ ಒಳಗ ಹೋಗ್ಲಿಕ್ಕೇ ಬರವಲ್ದು. ಲಾಗ್‌ನಾಗ `sshd: no hostkeys available -- exiting.` ಅಂತದ.

ಬಿದ್ರಿ ಕೆಲಸ

ಅಳಿಸಿದ್ದು ತಾನೇ ಹುಟ್ಟಂಗಿಲ್ಲ. ವಿಎಂ ವಿಂಡೋದಾಗೇ ಲಾಗಿನ್ ಆಗಿ `sudo dpkg-reconfigure openssh-server` ಹೊಡೀರಿ, ಹೊಸ ಕೀ ಮಾಡ್ತದ. ಎರಡೂ ಪಿಸಿದಾಗ ಬ್ಯಾರೆ ಬ್ಯಾರೆ ಹೊಡೀಬೇಕು. ಇದು ಪಟ್ಟಿಗೆ ಬರೀರಿ, "ಸಾವ್ಕಾರ್ರ ಪಿಸಿದಾಗ, ಇಂಪೋರ್ಟ್ ಆದಮ್ಯಾಲ" ಅಂತ.

ರೌಟರ್‌ನಾಗ ಐಪಿ ಫಿಕ್ಸ್ ಮಾಡೋದೂ ಇಂಪೋರ್ಟ್ ಆದಮ್ಯಾಲೇ. ಬ್ರಿಜ್ಡ್ ಕಾರ್ಡ್‌ಗೆ ಇಂಪೋರ್ಟ್ ಹೊತ್ತಿನಾಗ ವರ್ಚುವಲ್‌ಬಾಕ್ಸ್ ಹೊಸ ಮ್ಯಾಕ್ ಕೊಡ್ತದ. ನೀವು ಮನಿಯಿಂದ ಬರಕೊಂಡು ಹೋದ ಮ್ಯಾಕ್ ಅಲ್ಲಿ ಇರಂಗೇ ಇಲ್ಲ. ಮತ್ತ ನೆಟ್‌ಪ್ಲಾನ್ ಫೈಲ್‌ನಾಗ `dhcp-identifier: mac` ಅಂತ ಒಂದು ಸಾಲು ಸೇರಿಸಿದ್ರ ಉಬುಂಟುನೂ ಮ್ಯಾಕ್ ಹೇಳಲಿಕ್ಕ ಶುರು ಮಾಡ್ತದ, ರೌಟರ್ ಯಾವುದಿದ್ರೂ ಚಿಂತಿ ಇಲ್ಲ.

ಜಯನಗರ ನಾಲ್ಕನೇ ಬ್ಲಾಕ್

ಇದಕ್ಕೇ ನಾನು ಹೇಳಿದ್ದು, ಕ್ಲೌಡ್.

ಗಲ್ಲೆ ಮ್ಯಾಲ

ನಿಮ್ಮ ಪಟ್ಟಿದಾಗ "ರಾತ್ರಿ 10ಕ್ಕ ಬ್ಯಾಕಪ್" ಅಂತದ ನೋಡ್ರಿ. ನನ್ನ ಕಥಿ ಕೇಳ್ರಿ. ನಂಗೂ ಒಬ್ಬ ಹುಡುಗ ಹಿಂಗೇ ಮಾಡಿ ಕೊಟ್ಟಿದ್ದ, ರಾತ್ರಿ ತಾನೇ ಬ್ಯಾಕಪ್ ಆಗ್ತದ ಚಿಂತಿ ಬ್ಯಾಡ ಸಾವ್ಕಾರ್ರೇ ಅಂದಿದ್ದ. ಐದು ತಿಂಗಳಿಗೆ ಹಾರ್ಡ್‌ಡಿಸ್ಕ್ ಹೋಯ್ತು. ಬ್ಯಾಕಪ್ ಫೋಲ್ಡರ್ ತೆಗದ್ರ ಒಳಗ ನಾಕೇ ನಾಕು ಫೈಲ್. ಅದೂ ನಾನು ಮನಿಗೆ ಹೋಗುವಾಗ ಪಿಸಿ ಬಂದ್ ಮಾಡೋದು ಮರತ ನಾಕು ರಾತ್ರಿದು! ಮೂರು ತಿಂಗಳ ಬಿಲ್ ಕಾಗದದಿಂದ ನೋಡಿ ನೋಡಿ ಹೊಡದೀವಿ, ನಾನು ನನ್ನ ಹೆಂಡತಿ. ಹುಡುಗ ಫೋನೇ ಎತ್ತಲಿಲ್ಲ. ಈಗ ಇನ್ನೊಬ್ಬರ ಕಡಿಂದ ಮಾಡಿಸೀನಿ. ಆದ್ರ ನಮ್ಮ ದುಕಾನ ಬಂದ್ ಆಗೋದೇ ಹತ್ತೂವರಿಗೆ. 10ಕ್ಕ ಪಿಸಿ ಚಾಲೂ ಇದ್ದೇ ಇರ್ತಿತ್ತು. ಯಾಕ ಆಗ್ಲಿಲ್ಲ ಅಂತ ಇವತ್ತಿಗೂ ತಿಳಿದಿಲ್ಲ.

ಬಿದ್ರಿ ಕೆಲಸ

ಸಾವ್ಕಾರ್ರೇ, ತೊಗರಿಕಾಳು ಇನ್ನೂ ನನ್ನ ಮೂರನೇ ಪ್ರಶ್ನಿಗೆ ಉತ್ತರ ಕೊಟ್ಟಿಲ್ಲ. ಅವ್ರು ಕೊಟ್ಟ ಕೂಡ್ಲೆ ನಿಮಗೂ ಉತ್ತರ ಸಿಗ್ತದ ಅಂತ ನನ್ನ ಅಂದಾಜು.

ತೊಗರಿಕಾಳು

ಈಗ ನೋಡ್ದೆ. `Time zone: Etc/UTC (UTC, +0000)`.

ಅಯ್ಯೋ.

ಬಿಲ್ ಮ್ಯಾಲ ಟೈಮ್ ಸರಿ ಬರ್ತದ ಯಾಕಂದ್ರ ಬಿಲ್ಲಿಂಗ್ ಪ್ರೋಗ್ರಾಂದಾಗ ಬ್ಯಾರೆ ಸೆಟ್ ಮಾಡೀನಿ. ಅದಕ್ಕ ಕಣ್ಣಿಗೇ ಬಿದ್ದಿಲ್ಲ.

ಬಿದ್ರಿ ಕೆಲಸ

ಹಾಂ. ಸರ್ವರ್ ಇನ್‌ಸ್ಟಾಲ್ ಆದಾಗ ಯುಟಿಸಿ ಮ್ಯಾಲೇ ಇರ್ತದ. ಅದರ ರಾತ್ರಿ 10 ಅಂದ್ರ ನಮ್ಮ ನಸುಕಿನ 3:30. ನಿಮ್ಮ ಲ್ಯಾಪ್‌ಟಾಪ್ ರಾತ್ರಿಯೆಲ್ಲಾ ಚಾಲೂ ಇರ್ತದ, ಬೆಳಿಗ್ಗೆ ಎದ್ದು ನೋಡಿದ್ರ ಫೈಲ್ ಬಂದಿರ್ತದ, "ಛಲೋ ನಡೀತದ" ಅಂತೀರಿ. ದುಕಾನದಾಗ ನಸುಕಿನ ಮೂರೂವರಿಗೆ ಮೇನ್ ಸ್ವಿಚ್ಚೇ ಕೆಳಗ ಇರ್ತದ. ಯಾದಗಿರಿ ಸಾವ್ಕಾರ್ರದು ನಾನು ಕಣ್ಣಿಲೆ ನೋಡಿಲ್ಲ, ಆದ್ರ ನಾಕು ರಾತ್ರಿ ನಾಕು ಫೈಲ್ ಅಂದ್ರ ಇದೇ ಅನಸ್ತದ.

`sudo timedatectl set-timezone Asia/Kolkata` ಹೊಡದು `sudo systemctl restart cron` ಮಾಡ್ರಿ, ಇಲ್ಲಾಂದ್ರ ಕ್ರಾನ್ ಹಳೇ ಟೈಮ್ ಹಿಡ್ಕೊಂಡೇ ಕೂಡ್ತದ. ಆದ್ರ ಇಷ್ಟಕ್ಕ ಮುಗೀಲಿಲ್ಲ. ನಿಮ್ಮ ಗಂಜ್ ಸಾವ್ಕಾರ್ರು ಎಷ್ಟಕ್ಕ ಬಂದ್ ಮಾಡ್ತಾರ?

ತೊಗರಿಕಾಳು

ಎಂಟೂವರಿ. ಅಮಾಸಿ ದಿನ ಪೂಜಿ ಮುಗಿಸಿ ಇನ್ನೂ ಲಗೂನ.

ಬಿದ್ರಿ ಕೆಲಸ

ಹಂಗಾದ್ರ ಟೈಮ್ ಸರಿ ಮಾಡಿದ್ರೂ 10ಕ್ಕ ಪಿಸಿ ಇರಂಗಿಲ್ಲ. ಕ್ರಾನ್‌ಗೆ ತಪ್ಪಿದ ಹೊತ್ತು ನೆನಪಿರಂಗಿಲ್ಲ, ಹೋದದ್ದು ಹೋಯ್ತು. ಸಿಸ್ಟಂಡಿ ಟೈಮರ್ ಹಾಕ್ರಿ:

```
[Timer]
OnCalendar=*-*-* 13:30:00
Persistent=true
```

ಊಟದ ಹೊತ್ತಿಗೆ ಓಡ್ತದ. ಆಗ ಕರೆಂಟ್ ಇಲ್ದ ಪಿಸಿ ಬಂದ್ ಇತ್ತು ಅನ್ರಿ, ಎರಡನೇ ಸಾಲಿನಿಂದಾಗಿ ವಿಎಂ ಮುಂದ ಯಾವಾಗ ಚಾಲೂ ಆಗ್ತದೋ ಆಗ ತಪ್ಪಿದ್ದು ಒಂದು ಸಲ ಓಡ್ತದ.

ಶಹಾಬಾದಿ ಕಲ್ಲು

ನಾನು ಮತ್ತ ಹೇಳ್ತೀನಿ, ಸ್ನ್ಯಾಪ್‌ಶಾಟ್. ಮೂರು ಸಲ ನನ್ನ ಮಾನ ಉಳಿಸ್ಯಾದ.

ಬಿದ್ರಿ ಕೆಲಸ

ಯಾವಾಗ ಉಳಿಸ್ತು, ಹೇಳ್ರಿ?

ಶಹಾಬಾದಿ ಕಲ್ಲು

ಅಪ್‌ಡೇಟ್ ಹೊಡದಾಗ ಕೆಟ್ಟು ನಿಂತಿತ್ತು. ಹಿಂದಕ ಹೋದೆ, ಎರಡು ನಿಮಿಷ.

ಬಿದ್ರಿ ಕೆಲಸ

ಅದಕ್ಕ ಒಪ್ಪದ, ಅಪ್‌ಡೇಟ್‌ಕಿನ ಮೊದಲ ನಾನೂ ತಗೋತೀನಿ. ಆದ್ರ ಸ್ನ್ಯಾಪ್‌ಶಾಟ್ ಅಂದ್ರ ಮೂಲ ಡಿಸ್ಕ್ ಫೈಲ್ ಮ್ಯಾಲ ಕುಂತ ಫರಕಿನ ಫೈಲ್. ಅದೇ ಹಾರ್ಡ್‌ಡಿಸ್ಕ್‌ನಾಗ ಇರ್ತದ. ಯಾದಗಿರಿ ಸಾವ್ಕಾರ್ರಂಗ ಡಿಸ್ಕೇ ಹೋದ್ರ ಎರಡೂ ಕೂಡೇ ಹೋಗ್ತಾವ. ತೆಗದು ಹಂಗೇ ಬಿಟ್ರ ದಿನದಿನಕ್ಕ ಬೆಳೀತದ, ವಿಂಡೋಸ್ ಡ್ರೈವ್ ತುಂಬಿದ್ರ ವಿಎಂ ನಡಕ ನಿಂತು ಬಿಡ್ತದ. ಮತ್ತ ಓವಿಎ ಮಾಡಿದ್ರ ಸ್ನ್ಯಾಪ್‌ಶಾಟ್ ಅದರಾಗ ಬರಂಗೇ ಇಲ್ಲ.

ಶಹಾಬಾದಿ ಕಲ್ಲು

ಬರಂಗಿಲ್ಲೇನು? ಇದು ಗೊತ್ತಿರ್ಲಿಲ್ಲ. ಆದ್ರೂ ದುಕಾನದವ್ರಿಗೆ ತಿಳಿಯೋದು ಅದೊಂದೇ ಬಟನ್. ನಿಮ್ಮ ಟೈಮರ್ ಗೀಮರ್ ಯಾರು ನೋಡ್ತಾರ.

ಚಾ_ಬಿಸ್ಕೀಟ್

ವರ್ಚುವಲ್‌ಬಾಕ್ಸ್ ಹಾಕಿದ್ರ ನನ್ನ ಲ್ಯಾಪ್‌ಟಾಪ್ ಭಾಳ ಸ್ಲೋ ಆಗ್ಯಾದ, 4 ಜಿಬಿ ರ‍್ಯಾಮ್. ಏನ್ ಮಾಡ್ಲಿ? ಡಿಪ್ಲೊಮಾ ಪ್ರಾಜೆಕ್ಟ್ ಅದ.

ಶಹಾಬಾದಿ ಕಲ್ಲು

ರ‍್ಯಾಮ್ ಹಾಕ್ಸು. ನನ್ನ ದುಕಾನಕ್ಕ ಬಾ.

ತೊಗರಿಕಾಳು

ಶನಿವಾರ ಹೋಗಿದ್ದೆ. ವರದಿ ಒಪ್ಪಿಸ್ತೀನಿ.

ಮೊದಲು ಒಂದು ನಗಿ ಕೆಲಸ. ಫೈಲ್ 6.8 ಜಿಬಿ, ಪೆನ್‌ಡ್ರೈವ್ 32 ಜಿಬಿ. ಹಿಡಿಯಂಗಿಲ್ಲ ಅಂತು! ಎಫ್‌ಎಟಿ32 ಇತ್ತು, ಅದರಾಗ ಒಂದು ಫೈಲ್ 4 ಜಿಬಿ ದಾಟಂಗಿಲ್ಲ. ಎಕ್ಸ್‌ಫ್ಯಾಟ್ ಮಾಡಿ ಹಾಕ್ದೆ. ಸಾವ್ಕಾರ್ರು ಚಾ ತರಿಸಿದ್ರು.

ಸಾವ್ಕಾರ್ರ ಮಗನ ಕೈಯಿಂದನೇ ಇಂಪೋರ್ಟ್ ಮಾಡಿಸ್ದೆ, ನಾನು ಮೌಸ್ ಮುಟ್ಟಲಿಲ್ಲ. ಹೋಸ್ಟ್ ಕೀ, ರೌಟರ್, ಟೈಮ್‌ಝೋನ್ ಎಲ್ಲಾ ಆಯ್ತು. ಬ್ಯಾಕಪ್ ಓಡ್ಸಿದೆ, ಹೊರಗಿನ ಹಾರ್ಡ್‌ಡಿಸ್ಕ್‌ನಾಗ ಫೈಲ್ ಬಂತು, ಬಿಚ್ಚಿ ನೋಡ್ದೆ, ಸರಿ ಇತ್ತು. ಕಡೀಗೆ ಲಕೋಟಿ ತೆಗದು ಪಾಸ್‌ವರ್ಡ್ ಎಲ್ಲಾ ಮಗನ ಕೈಲೇ ಬದಲಿ ಮಾಡಿಸಿ, ಸಹಿ ತಗೊಂಡು ಬಂದೆ.

ಸೋಮವಾರ ಸಂಜಿ ಅದೇ ದಾರಿಯಾಗ ಹೊಂಟಿದ್ದೆ, ಸುಮ್ಮ ಒಳಗ ಹೋಗಿ ನೋಡ್ದೆ. ಭಾನುವಾರದ ಫೈಲ್ ಅದ, ಸೋಮವಾರದ್ದೂ ಅದ. ಎರಡೂ 20 ಬೈಟ್.

ಬಿದ್ರಿ ಕೆಲಸ

ಸ್ಕ್ರಿಪ್ಟ್ ತೋರ್ಸ್ರಿ.

ತೊಗರಿಕಾಳು

```
mysqldump --single-transaction angadi | gzip > /media/sf_backup/angadi-$(date +%F).sql.gz
```

ಪಾಸ್‌ವರ್ಡ್ `/root/.my.cnf` ಒಳಗ ಇತ್ತು. ಹಳೇದು! ನಾವು ಕಡೀಗೆ ಬದಲಿ ಮಾಡಿದ್ವಲ್ಲ.

ಬಿದ್ರಿ ಕೆಲಸ

20 ಬೈಟ್ ಅಂದ ಕೂಡ್ಲೆ ತಿಳೀತು. ಏನೂ ಇಲ್ಲದ್ದನ್ನ ಜಿಝಿಪ್ ಕಟ್ಟಿದ್ರ ಅಷ್ಟೇ ಆಗ್ತದ, ಖಾಲಿ ಡಬ್ಬಿಯ ತೂಕ. ಡಂಪ್ ಪಾಸ್‌ವರ್ಡ್ ತಪ್ಪು ಅಂತ ಬಿತ್ತು, ಆದ್ರ ಪೈಪ್‌ನಾಗ ಕಡೀಗೆ ನಿಂತವ ಜಿಝಿಪ್, ಅವ ತನ್ನ ಕೆಲಸ ಸರಿ ಮಾಡ್ದ. ಅದಕ್ಕ ಟೈಮರ್‌ಗೂ ಎಲ್ಲಾ ಸರಿ ಕಂಡ್ತು. ಸ್ಕ್ರಿಪ್ಟ್ ಬ್ಯಾಶ್‌ನಾಗ ಇದ್ರ ಮ್ಯಾಲ `set -o pipefail` ಹಾಕ್ರಿ, ಆಗ ಡಂಪ್ ಬಿದ್ರ ಸ್ಕ್ರಿಪ್ಟೂ ಬಿದ್ದಂಗ ತೋರಸ್ತದ. ಫೈಲ್ ಪೂರಾ ಅದ ಅಂತ ನೋಡೋದು ಹಿಂಗ:

```
zcat angadi-*.sql.gz | tail -1
```

ಸಾಲು `-- Dump completed on` ಅಂತ ಶುರು ಆದ್ರ ಕಡೀ ತನಕ ಬರದದ. ಒಂದಕ್ಕಿಂತ ಹೆಚ್ಚು ಫೈಲ್ ಇದ್ರ ಹೆಸರು ಪೂರಾ ಕೊಡ್ರಿ, ಇಲ್ಲಾಂದ್ರ ಕಡೀದೊಂದೇ ನೋಡಿದಂಗ ಆಗ್ತದ.

ಮತ್ತ ಪಟ್ಟಿದಾಗ ಸಾಲು ಹಿಂದ ಮುಂದ ಮಾಡ್ರಿ. ಪಾಸ್‌ವರ್ಡ್ ಬದಲಿ ಮೊದಲು, ಬ್ಯಾಕಪ್ ಪರೀಕ್ಷಾ ಅದರ ಹಿಂದ, ಪಿಸಿ ಒಂದು ಸಲ ಪೂರಾ ಬಂದ್ ಮಾಡಿ ಚಾಲೂ ಮಾಡಿದ ಮ್ಯಾಲ. ಅದಾದ್ಮ್ಯಾಲ ಏನೇ ಮುಟ್ಟಿದ್ರೂ ಪರೀಕ್ಷಾ ಮತ್ತೊಮ್ಮೆ. ಮತ್ತ ಆ ಫೈಲ್‌ನಿಂದ ಬ್ಯಾರೆ ಪಿಸಿದಾಗ ಹೊಳ್ಳಿ ಎಬ್ಬಿಸಿ ತೋರ್ಸ್ರಿ.

ತೊಗರಿಕಾಳು

ಅದನ್ನೂ ಮಾಡಿಸ್ದೆ, ಇವತ್ತು. ಮಗನ ಲ್ಯಾಪ್‌ಟಾಪ್‌ನಾಗ ಓವಿಎ ಇಂಪೋರ್ಟ್, ಮ್ಯಾಲ ಇವತ್ತಿನ ಡಂಪ್. ಕಡೀ ಬಿಲ್ ನಂಬರ್ ಮತ್ತ ನಿನ್ನಿ ಒಟ್ಟು ವ್ಯಾಪಾರ, ಎರಡೂ ದುಕಾನದ ಪಿಸಿದಾಗಿನದಕ್ಕ ತಾಳೆ ಆಯ್ತು. 40 ನಿಮಿಷ ಹಿಡೀತು. ಸಾವ್ಕಾರ್ರು ಆ 40 ಅನ್ನೋದು ಕಾಗದದ ಮ್ಯಾಲ ಬರೀ ಅಂದ್ರು, ಬರದೆ.

ಒಂದು ಮಾತು ಉಳೀತು. ನನ್ನ ಕೀ ತೆಗದು ಬಂದೀನಿ. ಸಾವ್ಕಾರ್ರು ಈಗ ಇರ್ಲಿ ಬಿಡು ಅಂತಾರ, ಏನಾರ ಆದ್ರ ಮನಿಯಿಂದೇ ನೋಡ್ಬಹುದಲ್ಲ ಅಂತ.

ಬಿದ್ರಿ ಕೆಲಸ

ನಾನಾದ್ರ ಇಡಂಗಿಲ್ಲ. ನಾಳೆ ಏನೇ ಕಳಕೊಂಡ್ರೂ ಮೊದಲ ಬೆಟ್ಟು ನಿಮ್ಮ ಕಡಿ.

ಜಯನಗರ ನಾಲ್ಕನೇ ಬ್ಲಾಕ್

ಇದಕ್ಕೆ ನಾನು ಒಪ್ಪಲ್ಲ. ಎಎಂಸಿ ಒಪ್ಪಂದ ಬರೆಸಿಕೊಂಡು ಬೇರೆ ಯೂಸರ್ ಹೆಸರಲ್ಲಿ ಕೀ ಇಡಿ. ಬೇಡ ಅಂದ ದಿನ ಅವರೇ ಆ ಯೂಸರ್‌ನ ತೆಗೆಯಲಿ. ಮುಚ್ಚಿ ಇಟ್ಟರೆ ತಪ್ಪು, ಹೇಳಿ ಇಟ್ಟರೆ ಏನು ತಪ್ಪು?

ಶಹಾಬಾದಿ ಕಲ್ಲು

ಎಎಂಸಿ ರೊಕ್ಕ ಯಾರು ಕೊಡ್ತಾರ ಇಲ್ಲಿ. ಹಬ್ಬಕ್ಕ ಒಂದು ಚೀಲ ಬ್ಯಾಳಿ ಕೊಟ್ರ ದೊಡ್ಡದು.

ಗಲ್ಲೆ ಮ್ಯಾಲ

ಬಿದ್ರಿ ಸರ್, ಇದು ಓದಿ ಈಗ ನನ್ನ ಬ್ಯಾಕಪ್ ಫೋಲ್ಡರ್ ತೆಗದು ನೋಡ್ದೆ. ಈ ಸಲ ಫೈಲ್ ದಿನಾ ಬಂದಾವ, ಒಂದೂ ತಪ್ಪಿಲ್ಲ. ವಿಂಡೋಸ್‌ನಾಗ ಎಲ್ಲಾದರ ಮುಂದ 1 KB ಅಂತದ. ಒಂದರ ಪ್ರಾಪರ್ಟೀಸ್ ತೆಗದೆ, 20 ಬೈಟ್. ಮಾಡಿಕೊಟ್ಟವ್ರು ಊರಾಗ ಇಲ್ಲ, ಹೈದರಾಬಾದ್‌ಗೆ ಹೋಗ್ಯಾರ. ಏನ್ ಮಾಡ್ಲಿ?

ಬಿದ್ರಿ ಕೆಲಸ

ಗಾಬರಿ ಆಗಬ್ಯಾಡ್ರಿ, ಅಸಲಿ ಡೇಟಾ ವಿಎಂ ಒಳಗ ಸುರಕ್ಷಿತ ಅದ. ಸ್ಕ್ರಿಪ್ಟ್ ಆಮ್ಯಾಲ ನೋಡೂಣು. ಈಗ ಕೌಂಟರ್‌ದವ್ರಿಗೆ ಬಿಲ್ ನಿಲ್ಲಿಸಲಿಕ್ಕ ಹೇಳ್ರಿ. ವಿಎಂ ವಿಂಡೋದಾಗ `ACPI Shutdown` ಕೊಟ್ಟು ಪೂರಾ ಬಂದ್ ಆಗೋ ತನಕ ಕಾಯ್ರಿ, `Powered Off` ಅಂತ ತೋರಿಸ್ಬೇಕು. ಆಮ್ಯಾಲ ವಿಎಂ ಇರೋ ಇಡೀ ಫೋಲ್ಡರ್ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಹಾಕ್ರಿ. ಚಾಲೂ ಇದ್ದಾಗ ಕಾಪಿ ಮಾಡಬ್ಯಾಡ್ರಿ, ಅದು ಹೊಳ್ಳಿ ಏಳ್ತದ ಅಂತ ಹೇಳಲಿಕ್ಕ ಬರಂಗಿಲ್ಲ.

ಗಲ್ಲೆ ಮ್ಯಾಲ

ಬಂದ್ ಮಾಡ್ದೆ. ಕಾಪಿ ಹಚ್ಚೀನಿ, 31 ನಿಮಿಷ ತೋರಸ್ತದ. ಗಿರಾಕಿಗೆ ಕೈಬರಹದ ಚೀಟಿ ಕೊಡ್ಲಿಕ್ಕತ್ತೀನಿ.

ಚಾ_ಬಿಸ್ಕೀಟ್

8 ಜಿಬಿ ರ‍್ಯಾಮ್‌ಗೆ ಎಷ್ಟಾಗ್ತದ್ರೀ ಅಣ್ಣಾ?